ಮುನಿರತ್ನಮ್ಮ ಬೊಟ್ಟಿಟ್ಟ ಬಾಟಲಿ

ನಮ್ಮ ಮುನಿರತ್ನಮ್ಮಕ್ಕ ಕೂತು ಉಂಡದ್ದನ್ನು ನಾನು ನೋಡಿದ್ದು ಬಲು ಅಪರೂಪ. ಅವಳು ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಗುಮ್ಮಳಾಪುರದಿಂದ ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದರು: "ಭಾನು, ದೊಡ್ಡವಳ ಕಾಲಲ್ಲಿ ಚಕ್ರ ಐತೆ. ಅವಳ ಜೊತೆ ಓಡಾಕೋಗಬ್ಯಾಡ, ಸುಸ್ತಾಯ್ತೀಯ." ಮುದ್ದೆ ಮುರಿಯುವಾಗಲೂ ಒಂದು ಕಾಲು ಹೊಸಿಲಾಚೆ ಇರುತ್ತದೆ. ಹೊಲಕ್ಕೆ ಹೋದರೆ ಮನೆಯ ಚಿಂತೆ, ಮನೆಗೆ ಬಂದರೆ ಹೊಲದ ಚಿಂತೆ. ರಾಯಕೋಟೆ ಬಸ್ಸು ಬರಲು ಹೊತ್ತಿದ್ದರೆ ಮುಂದಿನ ಸ್ಟಾಪಿಗೆ ನಡೆದೇ ಬಿಡುತ್ತಾಳೆ. ಹಾಗೆ ನಡೆದು ಎರಡು ಸ್ಟಾಪಿನ ಮಧ್ಯೆ ಬಸ್ಸು ತಪ್ಪಿಸಿಕೊಂಡದ್ದೂ ಉಂಟು.

ಇಂಥವಳು ಊರಿಗೆಲ್ಲ ಪಾಕೀಟು ನೋಡಿ ಅಸಲಿಯೋ ನಕಲಿಯೋ ಹೇಳುವವಳಾದದ್ದು ಟಮಾಟ ಬೀಜದಿಂದ. ಒಂದು ವರ್ಷ ಸಂತೆಯ ದಿನ ಗಾಡಿಯಲ್ಲಿ ಮಾರುತ್ತಿದ್ದವನ ಹತ್ತಿರ ಅಗ್ಗಕ್ಕೆ ಸಿಕ್ಕಿತೆಂದು ಬೀಜದ ಪಾಕೀಟು ತಂದಳು. ಗಿಡಗಳೇನೋ ಬಂದವು. ಕಾಯಿ ಬಿಟ್ಟಾಗ ಒಂದು ಗಿಡದಲ್ಲಿ ಉದ್ದ, ಪಕ್ಕದ ಗಿಡದಲ್ಲಿ ಗುಂಡು, ಅದರಾಚೆಯದರಲ್ಲಿ ಗೋಲಿಯಷ್ಟು. ಮಂಡಿಯವರು ಕ್ರೇಟನ್ನು ಮುಟ್ಟಲಿಲ್ಲ. ಅಕ್ಕ ಖಾಲಿ ಪಾಕೀಟನ್ನು ಹುಡುಕಿ ತೆಗೆದು, ಲಾಟ್ ನಂಬರಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆದಳು. ಅಡಿಯಲ್ಲಿ ಇನ್ನೊಂದು ಲಾಟ್ ನಂಬರು, ಮುಗಿದುಹೋದ ಇನ್ನೊಂದು ತಾರೀಕು! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು. ಅವತ್ತಿನಿಂದ ಅವಳು ಕೃಷಿ ಇಲಾಖೆಯ ಸಭೆ ಒಂದನ್ನೂ ಬಿಡಲಿಲ್ಲ. ನಮ್ಮದು ತಮಿಳು ಸೀಮೆಯ ಗಡಿಯೂರು, ಆಫೀಸಿನವರು ತಮಿಳಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಬಂದು ನಮಗೆ ಕನ್ನಡದಲ್ಲಿ ಬಯ್ಯುತ್ತ ಹೇಳಿಕೊಡುತ್ತಿದ್ದಳು.

ಊರಿನ ಟಮಾಟ ಬೆಳೆಯುವವರ ವಾಟ್ಸಾಪ್ ಗುಂಪಿನಲ್ಲಿ ಅವಳದು ಒಂದೇ ಕಾನೂನು, ಔಷಧಿ ಬಾಟಲಿ ತಂದರೆ ತೆರೆಯುವ ಮೊದಲು ನಾಲ್ಕು ಫೋಟೋ. ಮುಂದುಗಡೆ, ಹಿಂದುಗಡೆ, ಮುಚ್ಚಳ, ಬಿಲ್ಲು. ಹಿಂದುಗಡೆಯ ಲೇಬಲ್ಲಿನಲ್ಲಿ ಸರ್ಕಾರದ ನೋಂದಣಿ ಸಂಖ್ಯೆ ಇರಬೇಕು, ತಯಾರಿಸಿದವರ ಲೈಸೆನ್ಸ್ ನಂಬರಿರಬೇಕು, ಬ್ಯಾಚ್ ನಂಬರು, ತಯಾರಾದ ದಿನ, ಮುಗಿಯುವ ದಿನ ಇರಬೇಕು. ವಿಷ ಎಷ್ಟು ಜೋರೆಂದು ಹೇಳುವ ಬಣ್ಣದ ತ್ರಿಕೋನ ಇರಬೇಕು. ಬಿಲ್ಲಿನಲ್ಲಿ ಅಂಗಡಿಯವನ ಲೈಸೆನ್ಸು, ಮತ್ತೆ ಬಾಟಲಿಯ ಮೇಲಿರುವ ಬ್ಯಾಚ್ ನಂಬರೇ ಇರಬೇಕು. ಮುಚ್ಚಳದ ಕೆಳಗೊಂದು ಉಂಗುರ ಇರುತ್ತದಲ್ಲ, ಅದು ಮುಚ್ಚಳಕ್ಕೆ ಅಂಟಿಕೊಂಡೇ ಇರಬೇಕು. "ಬಿಲ್ ಕೊಡಲ್ಲ ಅಂದ್ರೆ ಆ ಅಂಗ್ಡಿ ಮೆಟ್ಲು ಹತ್ತಬ್ಯಾಡ್ರಿ," ಎಂದು ಗದರುತ್ತಿದ್ದಳು. ಫೋಟೋ ಮಸುಕಾದರೆ ಮಾತ್ರ ಮುಗಿಯಿತು. "ಕೈ ನಡುಗ್ತದಾ? ಗೋಡೆಗೆ ಒರಗಿಕೊಂಡು ಹೊಡಿ!"

ಸ್ವಂತ ಗಂಡನನ್ನೂ ಬಿಟ್ಟವಳಲ್ಲ. ನಮ್ಮ ಭಾವ ರಾಮಕೃಷ್ಣಪ್ಪನವರು ಒಮ್ಮೆ ಯಾರೋ ಗುರುತಿನವರ ಟೆಂಪೋದಿಂದ ಗೊಬ್ಬರದ ಮೂಟೆ ಇಳಿಸಿಕೊಂಡು ಮೀಸೆ ತಿರುವುತ್ತ ನಿಂತಿದ್ದರು. ಅಕ್ಕ ಮೂಟೆಯ ಬಾಯಿ ನೋಡಿದಳು. ಮಿಷಿನ್ ಹೊಲಿಗೆ ಹಾಕಿ ಬಿಚ್ಚಿದ ತೂತುಗಳ ಸಾಲು ಒಂದು, ಅದರ ಪಕ್ಕ ಕೈಯಲ್ಲಿ ಹೊಲಿದ ಸಾಲು ಇನ್ನೊಂದು. ಕೈ ಹೊಲಿಗೆಯಾದರೆ ಸೀಸದ ಸೀಲಿರಬೇಕು, ಅದೂ ಇಲ್ಲ. "ನನ್ನ ಹಳೇ ರವಿಕೇನ ಇದಕ್ಕಿಂತ ನೆಟ್ಟಗೆ ಹೊಲ್ದಿವ್ನಿ ನಾನು. ವಾಪಸ್ ಏರಿಸ್ರಿ," ಅಂದಳು. ಭಾವ ಮೀಸೆ ಬಿಟ್ಟು ಮೂಟೆ ಏರಿಸಿದರು.

ಇನ್ನೊಂದು ಅಭ್ಯಾಸವಿತ್ತು. ಅದರಲ್ಲಿ ನನಗೆ ಮೈಯೆಲ್ಲ ಉರಿಯುವ ಸಂಗತಿಯೂ ಇದೆ. ತಾನು ತಂದ ಬಾಟಲಿಯನ್ನು ಹೀಗೆಲ್ಲ ಪರೀಕ್ಷೆ ಮಾಡಿ ಸರಿಯೆನಿಸಿದರೆ, ಬುಡಕ್ಕೆ ಉಗುರುಬಣ್ಣದ ಒಂದು ಬೊಟ್ಟಿಡುತ್ತಿದ್ದಳು. ನೋಡಾಗಿದೆ ಎಂಬ ಗುರುತು. ಉಗುರುಬಣ್ಣ ಯಾರದು? ನನ್ನ ಮದುವೆಯದು! ಬದನೆಕಾಯಿ ಬಣ್ಣದ್ದು, ನಮ್ಮಣ್ಣ ಬೆಂಗಳೂರಿನಿಂದ ತಂದದ್ದು. ಕೇಳದೆ ತೆಗೆದುಕೊಂಡು ಹೋಗಿ ವಿಷದ ಬಾಟಲಿಗೆ ಹಚ್ಚಿಬಿಟ್ಟಳು. ಔಷಧಿ ಮುಗಿದ ಮೇಲೆ ಬಾಟಲಿಯನ್ನು ಮೂರು ನೀರಿನಲ್ಲಿ ಕುಲುಕಿ, ಆ ನೀರನ್ನೂ ಸ್ಪ್ರೇ ಡಬ್ಬಕ್ಕೇ ಸುರಿದು, ಮುಚ್ಚಳ ಬಿಗಿದು, ಲೇಬಲ್ಲಿಗೆ ಒಂದು ಗೀರೂ ಬೀಳದಂತೆ ಪಂಪ್‌ಸೆಟ್ ಮನೆಯ ಗೋಡೆಗೆ ಸಾಲಾಗಿ ಜೋಡಿಸುತ್ತಿದ್ದಳು. ಯಾರಾದರೂ ಫೋಟೋ ಕಳಿಸಿದರೆ ಪಕ್ಕದಲ್ಲಿಟ್ಟು ಹೋಲಿಸಿ ನೋಡಲಿಕ್ಕೆ ಅಸಲಿ ಮಾದರಿಗಳು.

ಮಳೆಗಾಲಕ್ಕೆ ಮುಂಚೆ ಡ್ರಿಪ್ ಪೈಪು ಸುತ್ತಿಡಲು ಜಾಗ ಬೇಕಾಯಿತು. ಗುಜರಿಯ ಮುರುಗೇಶ್ ಗಾಡಿ ತಳ್ಳಿಕೊಂಡು ಬಂದ. ಹಳೇ ಸಾಮಾನಿಗೆ ಪ್ಲಾಸ್ಟಿಕ್ ಬಕೆಟ್ಟು ಕೊಡುವವನು. ಅಕ್ಕನ ಬಾಟಲಿಗಳನ್ನು ನೋಡಿ ಅವನ ಮುಖ ಅರಳಿತು. "ಅಕ್ಕಾ, ಊರೆಲ್ಲ ಸುತ್ತಿದ್ರೂ ಇಂಥ ಚೊಕ್ಕ ಮಾಲು ಸಿಗಾಕಿಲ್ಲ. ಮುಚ್ಚಳ ಐತೆ, ಲೇಬಲ್ ಐತೆ," ಎಂದು ದೊಡ್ಡ ಬಕೆಟ್ಟನ್ನೇ ಕೊಟ್ಟ. ಅಕ್ಕನಿಗೆ ಹೊಗಳಿಕೆ ಎಂದರೆ ಬೆಲ್ಲ. ಒಂದೆರಡು ಮಾದರಿ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಕೊಟ್ಟಳು. ಗುಜರಿಗೆ ಲೇಬಲ್ ಯಾಕೆ ಬೇಕು ಎಂದು ಅವಳಿಗೂ ಹೊಳೆಯಲಿಲ್ಲ, ಬಾಯಿ ಜೋರಿರುವ ನನಗೂ ಹೊಳೆಯಲಿಲ್ಲ.

ಈಗ ಆವುಲಪ್ಪನ ವಿಷಯಕ್ಕೆ ಬರುತ್ತೇನೆ. ನಮ್ಮ ಹೊಲದ ಬದುವಿನಾಚೆ ಅವನ ಹೊಲ. ದಾಯಾದಿಯಲ್ಲ, ಆದರೆ ಅಕ್ಕ ಅವನನ್ನು ಮಾವ ಎನ್ನುತ್ತಾಳೆ. ವಯಸ್ಸಾದವನು, ಯಾರ ಮಾತನ್ನೂ ಸುಲಭಕ್ಕೆ ನಂಬದವನು, ಅಕ್ಕನ ಮಾತೊಂದನ್ನು ಬಿಟ್ಟು. ಈ ಸಲ ಅವನ ಟಮಾಟ ನೋಡಿದರೆ ಕಣ್ಣು ತಂಪಾಗುವಂತಿತ್ತು. ಕಾಯಿ ಬಲಿಯುವ ಹೊತ್ತಿಗೆ ಕಾಯಿಕೊರಕ ಹುಳು ಬಿತ್ತು. ತಡ ಮಾಡಿದರೆ ಬೆಳೆ ಹೋಯಿತೆಂದೇ ಲೆಕ್ಕ. ರಾಯಕೋಟೆಗೆ ಓಡಿ ಉಮಾಶಂಕರನ ಅಂಗಡಿಯಿಂದ ಔಷಧಿ ತಂದು ಫೋಟೋ ಹಾಕಿದ.

ಅಕ್ಕ ಮುದ್ದೆ ತಿರುವುತ್ತಿದ್ದಳು. ಸೆರಗಿನಲ್ಲಿ ಕೈ ಒರೆಸಿ ನೋಡಿದಳು. ಮುಂದುಗಡೆ ಸರಿ. ಹಿಂದುಗಡೆ ನೋಂದಣಿ ಸರಿ, ಲೈಸೆನ್ಸು ಸರಿ, ತಾರೀಕು ಇನ್ನೂ ಇದೆ, ತ್ರಿಕೋನದ ಬಣ್ಣ ಸರಿ. ಬಿಲ್ಲಿನಲ್ಲೂ ಅದೇ ಬ್ಯಾಚು. ಮುಚ್ಚಳದ ಫೋಟೋ ಮಾತ್ರ ಮಸುಕು, ಉಂಗುರವೇ ಕಾಣದು. ಇನ್ನೊಂದು ಹೊಡಿ ಎಂದು ಬಯ್ಯಲು ಬಾಯಿ ತೆರೆದವಳು ತನ್ನ ಫೋನಿನ ಹಳೇ ಫೋಟೋ ನೋಡಿ ನಿಂತಳು. ಕಳೆದ ಬೆಳೆಗೆ ತಾನೇ ತಂದಿದ್ದ ಬಾಟಲಿಯ ಬ್ಯಾಚ್ ನಂಬರು ಅಕ್ಷರಕ್ಕೆ ಅಕ್ಷರ ಇದೇ!

"ನೋಡ್ದಾ ಭಾನು? ನಾನು ಹೊಡ್ದು ಹುಳ ಸತ್ತ ಬ್ಯಾಚೇ ಇದು. ಇನ್ನೇನು ನೋಡೋದು?" ಎಂದು ನನಗೆ ತೋರಿಸಿ, ಗುಂಪಿನಲ್ಲಿ ಹೇಳಿಯೇ ಬಿಟ್ಟಳು: "ಸರಿಯಾಗದೆ ಮಾವ, ಹೊಡಿ."

ಅವಳು ಸರಿ ಎಂದದ್ದನ್ನು ಕೇಳಿ ಇನ್ನೂ ಕೆಲವರು ಅದೇ ಅಂಗಡಿಗೆ ಹೋಗಿ ಅದೇ ಔಷಧಿ ತಂದರು.

ಮಾರನೆಯ ಬೆಳಿಗ್ಗೆ ಅಕ್ಕನ ಓಡಾಟ ನೋಡಲಾಗುತ್ತಿರಲಿಲ್ಲ. ಹಸುವಿಗೆ ನೀರಿಟ್ಟಳು, ಇಟ್ಟೆನೋ ಇಲ್ಲವೋ ಎಂದು ಮತ್ತೆ ಹೋದಳು. ಕಾಫಿ ಆರಿತು. ಫೋನು ತೆಗೆದು ಆ ಮಸುಕು ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕೊನೆಗೆ ನನ್ನ ಮುಖಕ್ಕೆ ಹಿಡಿದಳು.

"ಉಂಗ್ರ ಕಾಣ್ತದೇನೆ ಇದ್ರಾಗೆ?"

"ಬೆರಳು ಅಡ್ಡ ಬಂದದೆ ಕಣಕ್ಕ. ನಿನ್ನೆ ಸರಿ ಅಂದ್ಯಲ್ಲ, ಇವತ್ತೇನು?"

"ನಿನ್ನೆ ನಂಬರ್ ನೋಡ್ದೆ. ನಂಬರ್ ಇರೋದು ಬಾಟ್ಲಿ ಮೇಲೆ ಕಣೆ. ಒಳಗೇನೈತೆ ಅಂತ ಯಾರು ಕಂಡೋರು?"

ಆವುಲಪ್ಪನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಬಯ್ದುಕೊಳ್ಳುತ್ತ ನಾನೂ ಹಿಂದೆ ಓಡಿದೆ. ಅತ್ತೆ ಬೇಡವೆಂದಿದ್ದರೂ ನನ್ನ ಹಣೆಬರಹ ಅವಳ ಹಿಂದೆ ಓಡುವುದೇ ಆಗಿದೆ.

ಆವುಲಪ್ಪ ಮುಖಕ್ಕೆ ಟವಲು ಕಟ್ಟಿಕೊಂಡು ಆಗಲೇ ಕೆಲವು ಸಾಲು ಹೊಡೆದಿದ್ದ. ಎರಡನೇ ಸಲಕ್ಕೆ ಡಬ್ಬ ತುಂಬುತ್ತಿದ್ದ. ಅಕ್ಕ ದೂರದಿಂದಲೇ ಕೂಗಿದಳು. "ನಿಲ್ಸು ಮಾವ! ಹೊಡೀಬ್ಯಾಡ!"

"ಯಾಕವ್ವ? ನೀನೇ ತಾನೆ ಹೊಡಿ ಅಂದೋಳು?"

"ಮುಚ್ಚಳ ತಿರುಗಿಸ್ದಾಗ ಟಪಟಪ ಅಂತ ಕಿತ್ಕೊಂತಾ?"

ಅವನು ಯೋಚಿಸಿದ. "ಇಲ್ಲ. ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಸುತ್ತಿತ್ತು. ಅದ ಹರಿದ್ ಮ್ಯಾಲೆ ಸಲೀಸಾಗಿ ಬಂತು."

ಅಕ್ಕ ಬಾಟಲಿ ತೆಗೆದುಕೊಂಡಳು. ಉಂಗುರಕ್ಕೂ ಮುಚ್ಚಳಕ್ಕೂ ನಡುವಿನ ಸಣ್ಣ ಹಲ್ಲುಗಳು ಹಿಂದೆಯೇ ಮುರಿದು ಸವೆದಿದ್ದವು. ಒಳಬಾಯಿಗೆ ಅಂಟಿಸಿದ್ದ ಬೆಳ್ಳಿ ಹಾಳೆ ಸೊಟ್ಟಗಿತ್ತು, ಅಂಚಿನಲ್ಲಿ ಗೋಂದು ಉಕ್ಕಿ ಒಣಗಿತ್ತು. ಮುಚ್ಚಳ ಬಿಗಿದು ಬಾಟಲಿಯನ್ನು ತಲೆಕೆಳಗು ಮಾಡಿದಳು.

ಬುಡದಲ್ಲಿ ಬದನೆಕಾಯಿ ಬಣ್ಣದ ಬೊಟ್ಟು.

ಆ ಬಣ್ಣ ಸುತ್ತಮುತ್ತ ಇನ್ನೊಬ್ಬರ ಹತ್ತಿರ ಇಲ್ಲ. ಅಕ್ಕನ ಮುಖ ನೋಡಲಾರದೆ ನಾನು ಟಮಾಟ ಗಿಡ ನೋಡುತ್ತ ನಿಂತೆ. ಬ್ಯಾಚು ಹೊಂದಿದ್ದು ಅದಕ್ಕೇ! ಅದು ಅದೇ ಬ್ಯಾಚಿನ ಇನ್ನೊಂದು ಬಾಟಲಿಯಲ್ಲ, ಅವಳೇ ತೊಳೆದು, ಮುಚ್ಚಳ ಬಿಗಿದು, ಬಕೆಟ್ಟಿಗೆ ಕೊಟ್ಟ ಬಾಟಲಿ. ಯಾರೋ ಅದಕ್ಕೆ ಏನನ್ನೋ ತುಂಬಿ ಮತ್ತೆ ಪೇಟೆಗೆ ಬಿಟ್ಟಿದ್ದರು. ಲೇಬಲ್ಲಿನಲ್ಲಿ ಸುಳ್ಳಿಲ್ಲ, ಲೈಸೆನ್ಸಿನಲ್ಲಿ ಸುಳ್ಳಿಲ್ಲ. ಸುಳ್ಳೆಲ್ಲ ಹೊಟ್ಟೆಯೊಳಗೆ.

"ಏನಾಯ್ತವ್ವ?" ಎಂದ ಆವುಲಪ್ಪ.

"ಔಷ್ದಿ ನಕಲಿ ಮಾವ. ಬಾಟ್ಲಿ ಬಿಸಾಕಬ್ಯಾಡ, ಬಿಲ್ ಜ್ವಾಪಾನ. ಕೈಕಾಲು ಸೋಪಾಕಿ ತೊಳಕೊ," ಎಂದಳು ಅಕ್ಕ. ಬೊಟ್ಟಿನ ಮಾತು ಆಡಲಿಲ್ಲ. ಬದುವಿನ ಮೇಲೆ ನಿಂತು ಗುಂಪಿಗೆ ಹೇಳಿದಳು. "ನಿನ್ನೆ ನಾನು ಸರಿ ಅಂದ ಔಷ್ದಿ ಯಾರೂ ಹೊಡೀಬ್ಯಾಡ್ರಿ. ತೆರೀದಿದ್ರೆ ಹಂಗೇ ಇಟ್ಕೊಳ್ಳಿ." ಒಡನೆಯೇ ಪ್ರಶ್ನೆಗಳ ಮಳೆ. ನೀನೇ ಸರಿ ಅಂದ್ಯಲ್ಲ? ನಂಬರ್ ಸರಿ ಇದ್ದ ಮ್ಯಾಲೆ ನಕಲಿ ಹೆಂಗೆ? ಅಕ್ಕ ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು.

ಮನೆಯಲ್ಲಿ ಭಾವ ಬಾಗಿಲು ಹಾಕಿ ಮೆಲ್ಲಗೆ ಹೇಳಿದರು. "ನಕಲಿ ಅಂತ ಹೇಳ್ದೆ, ಸಾಕು. ಬೊಟ್ಟಿನ ಇಸ್ಯ ಬಾಯಿ ಬಿಡಬ್ಯಾಡ. ಆವುಲಪ್ಪನ ಬೆಳೆ ಹಾಳ್ ಮಾಡಿದ್ದು ನಿನ್ ಬಾಟ್ಲಿ ಅಂದ್ರೆ ಊರಲ್ಲಿ ತಲೆ ಎತ್ಕೊಂಡು ಓಡಾಡಾಕಾಯ್ತದಾ? ಇನ್ನು ನಿನ್ ಮಾತು ಯಾರು ನಂಬ್ತಾರೆ?"

ಅಕ್ಕ ಅಂಗಳ ಗುಡಿಸಿದಳು. ಬೆಳಿಗ್ಗೆ ಗುಡಿಸಿದ ಅಂಗಳವನ್ನೇ.

ಕೃಷಿ ಆಫೀಸಿಗೆ ದೂರು ಕೊಟ್ಟದ್ದೂ ಅವಳೇ. ಆವುಲಪ್ಪನ ಬಿಲ್ಲು, ಫೋಟೋಗಳು, ಇನ್ನೊಬ್ಬರು ತೆರೆಯದೆ ಇಟ್ಟಿದ್ದ ಬಾಟಲಿ ಎಲ್ಲ ಒಯ್ದಳು. ಇನ್ಸ್‌ಪೆಕ್ಟರ್ ಮಾಲಾ ಮೇಡಂ ತಡಮಾಡದೆ ಉಮಾಶಂಕರನ ಅಂಗಡಿಗೆ ಬಂದರು. ನಾವು ಮೂವರೂ ಹಿಂದೆ ಹೋದೆವು, ಅಕ್ಕ, ನಾನು, ಆವುಲಪ್ಪ. ಆ ಹೊತ್ತಿಗೆ ಅವನು ಔಷಧಿ ಹೊಡೆದ ಸಾಲುಗಳ ಎಲೆಗಳು ಅಂಚಿನಿಂದ ಸುಟ್ಟು ಮುದುರಿದ್ದವು.

ಉಮಾಶಂಕರನ ಲೈಸೆನ್ಸು ಗೋಡೆಗೆ ತೂಗುಹಾಕಿತ್ತು, ಅವಧಿಯೂ ಇತ್ತು. ಆ ಕಂಪನಿಯ ಔಷಧಿ ಮಾರಲು ಕಂಪನಿ ಕೊಟ್ಟ ಪತ್ರ ಎಲ್ಲಿ, ಈ ಬ್ಯಾಚು ಖರೀದಿ ಮಾಡಿದ ಬಿಲ್ಲು ಎಲ್ಲಿ ಎಂದು ಮೇಡಂ ಕೇಳಿದಾಗ ಅವನು ಬೆವರಿದ. ಯಾರೋ ಬೈಕಿನಲ್ಲಿ ಬಂದು ಕಂಪನಿಯವನೆಂದು ಹೇಳಿ ಕಡಿಮೆಗೆ ಕೊಟ್ಟನಂತೆ. "ಸಾಮಾನು ಅಸಲಿನೇ ಮೇಡಂ. ನಂಬರ್ ನೋಡ್ಕೊಳ್ಳಿ, ಎಲ್ಲ ಕರೆಕ್ಟು. ಈಯಮ್ಮನೇ ಸರಿ ಅಂದವ್ರೆ!" ಎಂದು ಅಕ್ಕನ ಕಡೆ ಬೆರಳು ತೋರಿಸಿದ. "ಇವ್ರು ನೀರು ಹೆಚ್ಕಮ್ಮಿ ಹಾಕ್ಕೊಂಡು ಗಿಡ ಸುಟ್ಕೊಂಡ್ರೆ ನಾನೇನ್ ಮಾಡ್ಲಿ?"

ಅಂಗಡಿಯ ಮುಂದೆ ಜನ ಸೇರಿದ್ದರು. ನಮ್ಮೂರಿನವರೂ ಇದ್ದರು. ಮೇಡಂ ಮಾತಿಗೆ ಮಾತು ಬೆಳೆಸದೆ ಕಪಾಟಿನ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಮುಚ್ಚಳ, ಉಂಗುರ, ಬುಡ ನೋಡುತ್ತ ಹೋದರು. ಒಂದರಲ್ಲಿ ಕೈ ತಡೆಯಿತು. ಇನ್ನೊಂದನ್ನು ತಿರುಗಿಸಿದರು, ಮತ್ತೊಂದನ್ನು. ಮೇಜಿನ ಮೇಲೆ ಬುಡ ಮೇಲಾಗಿ ನಿಂತ ಬಾಟಲಿಗಳಲ್ಲೆಲ್ಲ ನನ್ನ ಮದುವೆಯ ಉಗುರುಬಣ್ಣ.

"ಇದು ಯಾರೋಡ ಅಡೈಯಾಳಂ?" ಎಂದು ಕೇಳಿದರು. ಇದು ಯಾರ ಗುರುತು?

"ಕಂಪ್ನಿಯೋರೇ ಹಾಕಿರ್ತಾರೆ ಮೇಡಂ, ಚೆಕಿಂಗ್ ಮಾಡಿ," ಎಂದ ಉಮಾಶಂಕರ್.

ಅಕ್ಕ ಸುಮ್ಮನಿದ್ದರೆ ಆ ಮಾತು ಹಾಗೇ ನಿಂತುಬಿಡುತ್ತಿತ್ತು. ನಾನು ಅವಳ ಸೆರಗು ಹಿಡಿದು ಎಳೆದೆ. ಸುಳ್ಳು ಯಾಕೆ ಹೇಳಲಿ, ಸುಮ್ಮನಿರಲಿ ಎಂದೇ ಎಳೆದೆ. ಅವಳು ಸೆರಗು ಬಿಡಿಸಿಕೊಂಡು ಮುಂದೆ ಹೋದಳು.

"ಎನ್ನೋಡದು ಮೇಡಂ. ನಂದು." ಆಮೇಲೆ ಮೇಡಂ ಕಡೆ ನೋಡದೆ ಆವುಲಪ್ಪನ ಕಡೆ ತಿರುಗಿದಳು. "ನಮ್ಮ ಮನೆ ಬಾಟ್ಲಿ ಮಾವ ಇವು. ನಾನು ಔಷ್ದಿ ಹೊಡ್ದು, ತೊಳ್ದು, ಮುಚ್ಚಳ ಹಾಕಿ ಗುಜರಿ ಮುರುಗೇಶಂಗೆ ಕೊಟ್ಟೆ. ತೂತು ಹಾಕಿ ಕೊಡ್ಬೇಕಾಗಿತ್ತು, ಹಾಕ್ಲಿಲ್ಲ. ಚೆಂದಾಗದೆ ಅಂತ ಹಂಗೇ ಕೊಟ್ಟೆ. ನಿನ್ನ ಮುಚ್ಚಳದ ಫೋಟೋ ಮಸುಕಾಗಿತ್ತು, ಅದ್ನೂ ನೋಡ್ದಂಗೆ ಸರಿ ಅಂದ್ಬುಟ್ಟೆ."

ಆವುಲಪ್ಪ ಅವಳನ್ನು ನೋಡಿದ, ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಂಡಿನ ಕಡೆ ನಡೆದ. ಬಯ್ದಿದ್ದರೆ ಎಷ್ಟೋ ವಾಸಿ ಅನಿಸಿತು ನನಗೆ.

ಅವಳು ಬಾಯಿ ಬಿಟ್ಟದ್ದರಿಂದ ಮೇಡಂಗೆ ದಾರಿ ಸಿಕ್ಕಿತು. ಬೊಟ್ಟಿನ ಬಾಟಲಿಗಳಲ್ಲಿ ಮೂರನ್ನು ಬೇರೆ ಬೇರೆ ಕಟ್ಟಿ ಅರಗಿನ ಸೀಲು ಹಾಕಿದರು, ಒಂದು ಅಂಗಡಿಯವನಿಗೆ, ಒಂದು ಪರೀಕ್ಷೆಗೆ, ಒಂದು ಕೋರ್ಟಿಗೆಂದು. ಮಿಕ್ಕ ಸರಕು ಮಾರಕೂಡದೆಂದು ಬರೆದುಕೊಟ್ಟರು. ಮುರುಗೇಶ್ ಆ ಬಾಟಲಿಗಳನ್ನು ಯಾರಿಗೆ ಕೊಟ್ಟನೆಂದು ಪೊಲೀಸರು ಹಿಡಿದು ಕೇಳಿದರು. ಅವನು ತೋರಿಸಿದ ಶೆಡ್ಡಿನಲ್ಲಿ ಖಾಲಿ ಬಾಟಲಿಗಳ ರಾಶಿ, ಬೆಳ್ಳಿ ಹಾಳೆಯ ಸುರುಳಿ ಸಿಕ್ಕವಂತೆ. ಪರೀಕ್ಷೆಯ ವರದಿ ಬಂದಾಗ ಅದರಲ್ಲಿ ಲೇಬಲ್ಲು ಹೇಳುವ ಔಷಧಿ ಹೆಸರಿಗೂ ಇರಲಿಲ್ಲ.

ಇಷ್ಟೆಲ್ಲ ಆದರೂ ನಮ್ಮ ಗುಂಪಿನಲ್ಲಿ ಫೋಟೋಗಳು ನಿಂತುಹೋದವು. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬರುತ್ತಿತ್ತು, ಟಮಾಟದ ರೇಟು ಬರುತ್ತಿತ್ತು, ಬಾಟಲಿಯ ಫೋಟೋ ಬರುತ್ತಿರಲಿಲ್ಲ. ಅಕ್ಕ ಫೋನನ್ನು ಅಡುಗೆಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹೊಲಕ್ಕೆ ಹೊತ್ತುಕೊಂಡು ತಿರುಗುತ್ತಿದ್ದಳು. ಪಂಪ್‌ಸೆಟ್ ಮನೆಯಲ್ಲಿ ಉಳಿದಿದ್ದ ಮಾದರಿಗಳಿಗೆಲ್ಲ ಕಬ್ಬಿಣದ ಸಲಾಕೆ ತೂರಿಸಿ ಲೇಬಲ್ಲು ಹರಿದಳು. ಬೆಳಗಾದರೆ ಕರೆಯದೆಯೇ ಆವುಲಪ್ಪನ ಹೊಲಕ್ಕೆ ಹೋಗಿ ಹುಳು ಕೊರೆದ ಕಾಯಿಗಳನ್ನು ಕಿತ್ತು ಮಂಕರಿಗೆ ತುಂಬಿ ಹೊರಗೆ ಹಾಕಿ ಬರುತ್ತಿದ್ದಳು. ಅವನು ಆ ಕೊನೆಯಲ್ಲಿ, ಇವಳು ಈ ಕೊನೆಯಲ್ಲಿ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನನಗೆ ತಡೆಯದೆ ಒಂದು ದಿನ ಕೇಳಿದೆ, "ಎಷ್ಟು ದಿನ ಅಂತ ಹಿಂಗೆ ಸಾಯ್ತೀಯಕ್ಕ?" ಅವಳು ಹೇಳಿದಳು, "ಅವ್ನ ಬೆಳೆ ಅರ್ಧನಾದ್ರೂ ಉಳೀಲಿ ಕಣೆ. ಆಮ್ಯಾಲೆ ಬೇಕಾದ್ರೆ ಉಗೀಲಿ."

ಒಂದು ಮಧ್ಯಾಹ್ನ ನಾವು ಹುಣಸೆಹಣ್ಣು ಕುಟ್ಟುತ್ತಿದ್ದೆವು. ಫೋನು ಕಿರುಗುಟ್ಟಿತು. ಆವುಲಪ್ಪನದು. ಮುಂದುಗಡೆ, ಹಿಂದುಗಡೆ, ಬಿಲ್ಲು, ಮುಚ್ಚಳ. ಮುಚ್ಚಳದ ಫೋಟೋ ಎಷ್ಟು ಚೊಕ್ಕವಾಗಿತ್ತೆಂದರೆ ಉಂಗುರದ ಹಲ್ಲುಗಳನ್ನು ಎಣಿಸಬಹುದಾಗಿತ್ತು. ಜೊತೆಗೆ ಯಾರೂ ಕೇಳದ ಐದನೆಯದು, ಬುಡದ ಫೋಟೋ. ಮಾತಿಲ್ಲ, ಕತೆಯಿಲ್ಲ. ಅಕ್ಕ ಒಂದೊಂದನ್ನೂ ಎರಡೆರಡು ಸಲ ನೋಡಿದಳು. ಬಿಲ್ಲಿನ ಬ್ಯಾಚನ್ನು ಬಾಟಲಿಯ ಬ್ಯಾಚಿನ ಜೊತೆ ನನ್ನಿಂದಲೂ ಓದಿಸಿದಳು. "ಕಾಣೋದೆಲ್ಲ ಸರಿಯಾಗದೆ ಮಾವ. ಮುಚ್ಚಳ ತಿರುಗಿಸ್ವಾಗ ಕಿತ್ಕೊಂತದಾ ನೋಡು, ಒಳಗಿನ ಹಾಳೆ ನೋಡು. ಆಮ್ಯಾಲೆ ಹೊಡಿ," ಎಂದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಇನ್ನೊಂದು ಫೋಟೋ ಬಂತು. ಅದೇ ಬಾಟಲಿ, ಖಾಲಿ. ಹೊಟ್ಟೆಯ ಮಧ್ಯೆ ಮೊಳೆ ಹೊಡೆದ ತೂತು, ಲೇಬಲ್ಲು ಅರ್ಧ ಹರಿದಿತ್ತು. ಕೆಳಗೆ ಆವುಲಪ್ಪನ ದನಿ:

"ತೂತು ಸರಿಯಾಗದಾ ನೋಡವ್ವ. ನೀನು ನೋಡಿ ಸರಿ ಅನ್ನೋಗಂಟ ನಾನು ಬಿಸಾಕಾಕಿಲ್ಲ."

ಅಕ್ಕ ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ. ಕಣ್ಣು ಒರೆಸಿಕೊಂಡು, ಫೋಟೋವನ್ನು ದೊಡ್ಡದು ಮಾಡಿ ನೋಡಿ, ಗುಂಡಿ ಒತ್ತಿ ಹೇಳಿದಳು.

"ಬುಡಕ್ಕೂ ಒಂದು ಹೊಡಿ ಮಾವ."

ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ತಟ್ಟೆ ಹಾಕಿಕೊಂಡು, ಕಾಲು ಮಡಿಸಿ ಉಣ್ಣಲು ಕೂತಳು.